ಏಳಕ್ಕೆ ಇಟ್ಟ ಪೋಸ್ಟ್ ಎಂಟಕ್ಕೆ ಹೋದರೆ

2025ರ ಯುಗಾದಿ ಬಂದದ್ದು ಮಾರ್ಚ್ 30ರ ಭಾನುವಾರ. ಬ್ರಿಟನ್ನಿನ ಒಂದು ಊರಿನ ಕನ್ನಡ ಬಳಗವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬಳಗದ ಪುಟ ನೋಡಿಕೊಳ್ಳುವವರು ಎರಡು ವಾರ ಮುಂಚೆಯೇ ಕೂತು ಹಬ್ಬದ ಪೋಸ್ಟ್‌ಗಳನ್ನೆಲ್ಲ ಶೆಡ್ಯೂಲ್ ಮಾಡಿಟ್ಟಿದ್ದಾರೆ. ಬೆಳಿಗ್ಗೆ 7ಕ್ಕೆ ಶುಭಾಶಯ, 9:30ಕ್ಕೆ ಪಂಚಾಂಗ ಶ್ರವಣದ ಲೈವ್ ಲಿಂಕ್, 12ಕ್ಕೆ ಹಬ್ಬದೂಟದ ಸಭಾಂಗಣದ ವಿಳಾಸ. ಪಂಚಾಂಗ ಶ್ರವಣ ಶುರುವಾಗುವುದು 10 ಗಂಟೆಗೆ.

ಆ ದಿನ ಶುಭಾಶಯ ಹೋದದ್ದು 8ಕ್ಕೆ. ಅದನ್ನು ಯಾರೂ ಗಮನಿಸಲಿಲ್ಲ. ಲೈವ್ ಲಿಂಕ್ ಹೋದದ್ದು 10:30ಕ್ಕೆ, ಅಷ್ಟರಲ್ಲಿ ಕಾರ್ಯಕ್ರಮ ಅರ್ಧ ಗಂಟೆ ಮುಂದೆ ಸಾಗಿತ್ತು. ಮನೆಯಲ್ಲೇ ಕೂತು ನೋಡಬೇಕೆಂದಿದ್ದ ಹಿರಿಯರು ಲಿಂಕ್ ಎಲ್ಲಿ ಎಂದು ಒಂದೇ ಸಮನೆ ಫೋನ್ ಮಾಡಿದರು. ಸಭಾಂಗಣದ ವಿಳಾಸ 1 ಗಂಟೆಗೆ ಹೋಯಿತು. ಮರುದಿನ ಕಾರ್ಯದರ್ಶಿ ಆ ಪ್ಲಾಟ್‌ಫಾರ್ಮಿನ ಸಪೋರ್ಟ್ ವಿಭಾಗಕ್ಕೆ ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆದರು. ಸಾರ ಇಷ್ಟೇ: ‘ನಿಮ್ಮ ಶೆಡ್ಯೂಲ್ ಕೆಲಸ ಮಾಡುತ್ತಿಲ್ಲ, ನಮ್ಮ ಪೋಸ್ಟ್‌ಗಳು ತಪ್ಪು ಹೊತ್ತಿಗೆ ಹೋಗಿವೆ, ದಯವಿಟ್ಟು ಸರಿಪಡಿಸಿ.’ ಉತ್ತರ ಬಂತು: ‘ನಮ್ಮ ದಾಖಲೆಯ ಪ್ರಕಾರ ಪೋಸ್ಟ್‌ಗಳು ನಿಗದಿತ ಸಮಯಕ್ಕೇ ಪ್ರಕಟವಾಗಿವೆ.’

ಇಂಥ ಉತ್ತರ ಓದಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಸಪೋರ್ಟಿನವರು ಸುಳ್ಳು ಹೇಳಿಲ್ಲ. ಅವರ ದಾಖಲೆಯಲ್ಲಿ ಪೋಸ್ಟ್ ನಿಜಕ್ಕೂ ನಿಗದಿತ ಸಮಯಕ್ಕೇ ಹೋಗಿರುತ್ತದೆ. ಕಾರ್ಯದರ್ಶಿಯ ಏಳು ಗಂಟೆ ಮತ್ತು ಆ ದಾಖಲೆಯ ಏಳು ಗಂಟೆ ಒಂದೇ ಅಲ್ಲ, ಗೊಂದಲವೆಲ್ಲ ಅಲ್ಲಿದೆ. ಎಷ್ಟು ಹೊತ್ತು ತಪ್ಪಿದೆ ಎಂಬುದನ್ನು ಸರಿಯಾಗಿ ಅಳೆದು ಬರೆದರೆ ಕಾರಣದ ಬಹುಪಾಲು ಆ ಅಳತೆಯಲ್ಲೇ ಸಿಕ್ಕಿಬಿಡುತ್ತದೆ. ಬರಿ ‘ತಪ್ಪು ಹೊತ್ತು’ ಎಂದು ಬರೆದರೆ ಯಾರಿಗೂ ಏನೂ ಸಿಗುವುದಿಲ್ಲ.

ಸರ್ವರಿನ ಗಡಿಯಾರ

ಶೆಡ್ಯೂಲ್ ಮಾಡುವಾಗ ನಾವು ದಿನಾಂಕ ಮತ್ತು ಗಂಟೆ ಆರಿಸಿ ಬಟನ್ ಒತ್ತುತ್ತೇವೆ. ಆ ಗಂಟೆ ನಾವು ಆರಿಸಿದ ರೂಪದಲ್ಲೇ ಸರ್ವರಿನಲ್ಲಿ ಕೂರುವುದು ಅಪರೂಪ. ಜಗತ್ತಿನ ಎಲ್ಲ ಕಡೆಯ ಬಳಕೆದಾರರ ಸಮಯವನ್ನು ಒಂದೇ ಅಳತೆಗೆ ತರಲು ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯವನ್ನು ಬಳಸುತ್ತವೆ. ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರ ಯುಟಿಸಿಯ ಜೊತೆಗೇ ನಡೆಯುತ್ತದೆ. ಭಾರತದ ಸಮಯ ವರ್ಷವಿಡೀ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಬೆಳಿಗ್ಗೆ 7ಕ್ಕೆ ಇಟ್ಟ ಪೋಸ್ಟ್ ಸರ್ವರಿನಲ್ಲಿ 1:30 ಎಂದು ದಾಖಲಾಗಬೇಕು. ನಮಗೆ ತೋರಿಸುವಾಗ ಅದಕ್ಕೆ ಐದೂವರೆ ಗಂಟೆ ಕೂಡಿಸಿ ಮತ್ತೆ 7 ಎಂದು ತೋರಿಸಬೇಕು.

ಪೋಸ್ಟನ್ನು ಹೊರಗೆ ಕಳಿಸುವ ಕೆಲಸ ಇನ್ನೊಂದು ಪ್ರೋಗ್ರಾಮಿನದು. ಅದು ಆಗಾಗ ಎಚ್ಚೆತ್ತು ‘ಈ ಹೊತ್ತಿಗೆ ಹೋಗಬೇಕಾದದ್ದು ಯಾವುದಿದೆ’ ಎಂದು ಸಾಲನ್ನು ನೋಡುತ್ತದೆ, ಹೊತ್ತಾದದ್ದನ್ನು ಕಳಿಸುತ್ತದೆ. ಪೋಸ್ಟ್ ಬರೆದವರು ಯಾವ ಊರಿನವರೆಂದು ಅದಕ್ಕೆ ಗೊತ್ತಿರಬೇಕಾಗಿಲ್ಲ. ಅದರ ಕಣ್ಣಿಗೆ ಬೀಳುವುದು ಯುಟಿಸಿ ಗಂಟೆ ಮಾತ್ರ.

ಹೀಗಾಗಿ ತಪ್ಪಾಗಬಹುದಾದ ಜಾಗಗಳು ಎರಡು. ಒಂದು, ನಮ್ಮ ಗಂಟೆಯನ್ನು ಯುಟಿಸಿಗೆ ಬದಲಾಯಿಸುವ ಲೆಕ್ಕ. ಇನ್ನೊಂದು, ಸರಿಯಾಗಿ ಬದಲಾಯಿಸಿದ್ದನ್ನು ಸಕಾಲಕ್ಕೆ ಕಳಿಸುವ ಕೆಲಸ. ಸಪೋರ್ಟಿನ ತಂತ್ರಜ್ಞರು ದೂರು ಕೈಗೆ ಬಂದ ಕೂಡಲೇ ಲಾಗ್ ತೆಗೆದು ಮೂರು ಸಮಯಗಳನ್ನು ನೋಡುತ್ತಾರೆ: ಪೋಸ್ಟನ್ನು ಶೆಡ್ಯೂಲ್ ಮಾಡಿದ್ದು ಯಾವಾಗ, ಯಾವಾಗ ಹೋಗಬೇಕೆಂದು ದಾಖಲಾಗಿತ್ತು, ನಿಜಕ್ಕೂ ಹೋದದ್ದು ಯಾವಾಗ. ಎರಡನೆಯದೂ ಮೂರನೆಯದೂ ಒಂದೇ ಆಗಿದ್ದರೆ ಕಳಿಸುವ ಪ್ರೋಗ್ರಾಮಿನದು ತಪ್ಪಿಲ್ಲ, ಲೆಕ್ಕ ಮೊದಲೇ ಕೆಟ್ಟಿದೆ. ಎರಡೂ ಬೇರೆಯಾಗಿದ್ದರೆ ಸಾಲಿನಲ್ಲಿ ತಡವಾಗಿದೆ. ‘ನಿಗದಿತ ಸಮಯಕ್ಕೇ ಪ್ರಕಟವಾಗಿದೆ’ ಎಂದು ಉತ್ತರ ಬರೆದವರು ಈ ಎರಡನ್ನು ಹೋಲಿಸಿ ಅಲ್ಲಿಗೇ ನಿಲ್ಲಿಸಿರುತ್ತಾರೆ. ದಾಖಲಾದ ಸಮಯವೇ ತಪ್ಪಿರಬಹುದು ಎಂಬ ಸಂಶಯ ಅವರಿಗೆ ಬರಬೇಕಾದರೆ ನಾವು ಬಯಸಿದ್ದು ಯಾವ ಸಮಯ ಎಂಬುದು ನಮ್ಮ ಮೇಲ್‌ನಲ್ಲಿ ಸ್ಪಷ್ಟವಾಗಿ ಇರಬೇಕು. ಅದನ್ನು ಬಲ್ಲವರು ನಾವು ಮಾತ್ರ. ಅವರ ಲಾಗಿನಲ್ಲಿ ಅದು ಇರುವುದಿಲ್ಲ.

ಅಂತರವೇ ಕಾರಣ ಹೇಳುತ್ತದೆ

ಬಯಸಿದ ಸಮಯ ಮತ್ತು ಹೋದ ಸಮಯದ ನಡುವಿನ ಅಂತರವನ್ನು ನಿಮಿಷದ ಮಟ್ಟಿಗೆ ಲೆಕ್ಕ ಹಾಕಿ. ವೈದ್ಯರಿಗೆ ನಾಡಿ ಹೇಗೋ ಇಲ್ಲಿ ಈ ಅಂತರ ಹಾಗೆ.

ಕರ್ನಾಟಕದಲ್ಲಿ ಕೂತು ಬೆಳಿಗ್ಗೆ 7ಕ್ಕೆ ಇಟ್ಟದ್ದು ಮಧ್ಯಾಹ್ನ 12:30ಕ್ಕೆ ಹೋದರೆ ತಡವಾದದ್ದು ಸರಿಯಾಗಿ ಐದೂವರೆ ಗಂಟೆ. ಅಂದರೆ ನಾವು ಆರಿಸಿದ 7ನ್ನು ಯಾರೋ ಯುಟಿಸಿಯ 7 ಎಂದು ತಿಳಿದಿದ್ದಾರೆ. ಖಾತೆಯ ಸೆಟ್ಟಿಂಗ್ಸಿನಲ್ಲಿ ಟೈಮ್ ಜೋನ್ ಯುಟಿಸಿ ಎಂದೇ ಉಳಿದಿರಬಹುದು, ಅಥವಾ ಬದಲಾಯಿಸುವ ಲೆಕ್ಕವೇ ಬಿಟ್ಟುಹೋಗಿರಬಹುದು. ಅದೇ ಪೋಸ್ಟ್ ನಡುರಾತ್ರಿ ಕಳೆದು 1:30ಕ್ಕೆ ಹೋಗಿದ್ದರೆ ಐದೂವರೆ ಗಂಟೆ ಬೇಗ ಹೋಗಿದೆ. ಇಲ್ಲಿ ಲೆಕ್ಕ ಎರಡು ಸಲ ಆಗಿದೆ: ಯುಟಿಸಿಗೆ ಬದಲಾಯಿಸಿದ್ದನ್ನು ಭಾರತದ ಸಮಯವೆಂದು ತಿಳಿದು ಮತ್ತೊಮ್ಮೆ ಬದಲಾಯಿಸಿದ್ದಾರೆ.

ಸಂಜೆ 7:30ಕ್ಕೋ ರಾತ್ರಿ 8:30ಕ್ಕೋ ಹೋಗಿದ್ದರೆ ಖಾತೆ ಅಮೆರಿಕದ ಪಶ್ಚಿಮ ಕರಾವಳಿಯ ಸಮಯದಲ್ಲಿದೆ ಎಂದು ಊಹಿಸಬಹುದು. ಅಲ್ಲಿನ ಬೆಳಿಗ್ಗೆ 7 ಗಂಟೆ ಬೇಸಿಗೆಯಲ್ಲಿ ನಮ್ಮ ಸಂಜೆ 7:30, ಚಳಿಗಾಲದಲ್ಲಿ ರಾತ್ರಿ 8:30. ಹಾಗೆಯೇ ಸಂಜೆ 4:30 ಅಥವಾ 5:30 ಆಗಿದ್ದರೆ ನ್ಯೂಯಾರ್ಕಿನ ಸಮಯ. ಭಾರತದ ಗಡಿಯಾರ ಯುಟಿಸಿಯಿಂದ ಅರ್ಧ ಗಂಟೆಯ ಲೆಕ್ಕದಲ್ಲಿ ದೂರವಿರುವುದು ಇಂಥ ಹುಡುಕಾಟಕ್ಕೆ ಬಹಳ ಅನುಕೂಲ. ಜಗತ್ತಿನ ಹೆಚ್ಚಿನ ದೇಶಗಳು ಪೂರ್ಣ ಗಂಟೆಗಳ ಅಂತರದಲ್ಲಿವೆ. ನಮ್ಮ ಪೋಸ್ಟಿನ ಅಂತರದಲ್ಲಿ ಸರಿಯಾಗಿ ಅರ್ಧ ಗಂಟೆ ಕಾಣಿಸಿಕೊಂಡರೆ ಭಾರತದ ಸಮಯಕ್ಕೂ ಹೊರಗಿನ ಸಮಯಕ್ಕೂ ಗಂಟುಬಿದ್ದಿದೆ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು.

ಸರಿಯಾಗಿ 12 ಗಂಟೆಯ ಅಂತರವಿದ್ದರೆ ಎಎಂ, ಪಿಎಂ ಅದಲುಬದಲಾಗಿದೆ. 12 ಎಎಂ ಎಂದರೆ ನಡುರಾತ್ರಿ, 12 ಪಿಎಂ ಎಂದರೆ ನಡುಹಗಲು. ಹುಟ್ಟುಹಬ್ಬದ ಶುಭಾಶಯವನ್ನು ನಡುರಾತ್ರಿಗೆ ಇಡುವವರು ಇಲ್ಲಿ ಎಡವುವುದು ಹೆಚ್ಚು. ಇದು ಪ್ಲಾಟ್‌ಫಾರ್ಮಿನ ದೋಷ ಅಲ್ಲದಿರುವ ಸಾಧ್ಯತೆಯೇ ಜಾಸ್ತಿ. ಮೇಲ್ ಬರೆಯುವ ಮುನ್ನ ನಾವೇ ನೋಡಿಕೊಳ್ಳಬೇಕು.

ಅಂತರ ಒಂದೊಂದು ಪೋಸ್ಟಿಗೆ ಒಂದೊಂದು ಥರ ಇದ್ದರೆ, ಅಂದರೆ ಒಂದು 4 ನಿಮಿಷ, ಇನ್ನೊಂದು 11 ನಿಮಿಷ, ಮತ್ತೊಂದು 40 ನಿಮಿಷ ತಡವಾಗಿದ್ದರೆ, ಟೈಮ್ ಜೋನಿನ ಮಾತು ಬಿಡಿ. ಕಳಿಸುವ ಸಾಲಿನಲ್ಲೇ ದಟ್ಟಣೆಯಾಗಿದೆ. ಟೈಮ್ ಜೋನಿನ ತಪ್ಪು ಪ್ರತಿ ಸಲವೂ ಅಷ್ಟಕ್ಕಷ್ಟೇ ಬರುತ್ತದೆ, ದಟ್ಟಣೆಯ ತಡ ಏರಿಳಿಯುತ್ತದೆ. ವರ್ಡ್‌ಪ್ರೆಸ್‌ನಲ್ಲಿ ನಡೆಯುವ ಸೈಟುಗಳಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿ ಶೆಡ್ಯೂಲ್ ಆದದ್ದನ್ನು ಕಳಿಸುವ ಕೆಲಸ ಸಾಮಾನ್ಯವಾಗಿ ಯಾರಾದರೂ ಸೈಟಿಗೆ ಬಂದಾಗ ಎಚ್ಚರಗೊಳ್ಳುತ್ತದೆ. ಬೆಳಗಿನ ಜಾವ 5ಕ್ಕೆ ಇಟ್ಟ ಲೇಖನ, ಆ ಹೊತ್ತಿನಲ್ಲಿ ಒಬ್ಬರೂ ಸೈಟಿಗೆ ಬರದಿದ್ದರೆ, 6ಕ್ಕೆ ಮೊದಲ ಓದುಗ ಬಂದ ಮೇಲೆ ಹೋಗುತ್ತದೆ.

ಇನ್ನು ಉಳಿದದ್ದು ಸರಿಯಾಗಿ ಒಂದು ಗಂಟೆಯ ಅಂತರ. ಬ್ರಿಟನ್ನಿನ ಬಳಗಕ್ಕೆ ಆದದ್ದು ಅದೇ.

ಆ ಭಾನುವಾರ ನಡೆದದ್ದೇನು

ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ನಸುಕಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ತರುತ್ತಾರೆ. 2025ರಲ್ಲಿ ಮಾರ್ಚಿನ ಆ ಭಾನುವಾರವೂ ಯುಗಾದಿಯೂ ಒಂದೇ ದಿನ ಬಿದ್ದವು. ಅಂದು ರಾತ್ರಿ 1 ಗಂಟೆ ಆಗುತ್ತಿದ್ದಂತೆ ಗಡಿಯಾರ ನೇರವಾಗಿ 2ಕ್ಕೆ ಹೋಯಿತು. ಅಂದು 1:30 ಎಂಬ ಹೊತ್ತೇ ಅಲ್ಲಿ ಇರಲಿಲ್ಲ.

ಬಳಗದವರು ಮಾರ್ಚ್ ಮಧ್ಯದಲ್ಲಿ ಶೆಡ್ಯೂಲ್ ಮಾಡುವಾಗ ಬ್ರಿಟನ್ ಇನ್ನೂ ಚಳಿಗಾಲದ ಸಮಯದಲ್ಲಿತ್ತು. ‘ಮಾರ್ಚ್ 30, ಬೆಳಿಗ್ಗೆ 7’ ಎಂದು ಅವರು ಆರಿಸಿದರು. ಅದನ್ನು ಯುಟಿಸಿಗೆ ಬದಲಾಯಿಸುವಾಗ ಪ್ಲಾಟ್‌ಫಾರ್ಮ್ ಅಂದಿನ ಅಂತರವನ್ನು, ಅಂದರೆ ಸೊನ್ನೆಯನ್ನು ಬಳಸಿತು. ಬಳಸಬೇಕಾಗಿದ್ದದ್ದು ಮಾರ್ಚ್ 30ರ ಬೆಳಗಿನ ಅಂತರವನ್ನು, ಅಂದರೆ ಒಂದು ಗಂಟೆಯನ್ನು. ತಂತ್ರಜ್ಞರ ಬರವಣಿಗೆಯಲ್ಲಿ ಈ ಎರಡು ಸಮಯಗಳು ಹೀಗೆ ಕಾಣುತ್ತವೆ:

```
2025-03-30T07:00:00+00:00
2025-03-30T07:00:00+01:00
```

ಎರಡರಲ್ಲೂ 7 ಗಂಟೆ ಇದೆ. ಕೊನೆಯಲ್ಲಿರುವುದು ಯುಟಿಸಿಯಿಂದ ಎಷ್ಟು ದೂರ ಎಂಬ ಗುರುತು. ಸರ್ವರಿನಲ್ಲಿ ಕೂತದ್ದು ಮೊದಲ ಸಾಲು, ಬೇಕಾಗಿದ್ದದ್ದು ಎರಡನೆಯದು. ಎರಡರ ನಡುವೆ ಒಂದು ಗಂಟೆ. ಮಾರ್ಚ್ 30ರಂದು ಯುಟಿಸಿ ಏಳು ಆದಾಗ ಬ್ರಿಟನ್ನಿನ ಗೋಡೆ ಗಡಿಯಾರ ಎಂಟು ತೋರಿಸುತ್ತಿತ್ತು. ಕಳಿಸುವ ಪ್ರೋಗ್ರಾಮ್ ತನ್ನ ಹೊತ್ತಿಗೆ ಸರಿಯಾಗಿಯೇ ಕಳಿಸಿತು.

ನಡೆದುಹೋದದ್ದರ ಸಮಯವನ್ನು ಯುಟಿಸಿಯಲ್ಲಿ ಬರೆದಿಟ್ಟರೆ ತೊಂದರೆಯಿಲ್ಲ. ಆ ಕ್ಷಣ ಮುಗಿದಿದೆ, ಇನ್ನು ಬದಲಾಗುವುದಿಲ್ಲ. ಮುಂದೆ ನಡೆಯಬೇಕಾದದ್ದು ಹಾಗಲ್ಲ. ‘ಯುಗಾದಿ ದಿನ ಬೆಳಿಗ್ಗೆ 7’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಆ ಊರಿನ ಗಡಿಯಾರ ಆ ದಿನ ತೋರಿಸುವ 7. ಅದು ಯುಟಿಸಿಯ ಯಾವ ಕ್ಷಣ ಎಂಬುದನ್ನು ಆ ಊರಿನ ನಿಯಮ ತೀರ್ಮಾನಿಸುತ್ತದೆ. ಆ ನಿಯಮವನ್ನು ಸರ್ಕಾರಗಳು ಬದಲಾಯಿಸುವುದೂ ಉಂಟು. ಮೆಕ್ಸಿಕೊ 2022ರಲ್ಲಿ ಬೇಸಿಗೆ ಸಮಯವನ್ನು ದೇಶದ ಬಹುಭಾಗದಲ್ಲಿ ಕೈಬಿಟ್ಟಿತು, ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು. ಹಾಗಾಗಿ ಮುಂದಿನ ಸಮಯವನ್ನು ಊರಿನ ಹೆಸರಿನ ಜೊತೆಗೇ ಬರೆದಿಡಬೇಕು:

```
2025-03-30 07:00  Europe/London
```

ಇಲ್ಲಿರುವ Europe/London ಎಂಬುದು ಜಗತ್ತಿನ ಕಂಪ್ಯೂಟರುಗಳು ಹಂಚಿಕೊಂಡಿರುವ ಟೈಮ್ ಜೋನ್ ಪಟ್ಟಿಯ ಒಂದು ಹೆಸರು. ಪ್ರತಿ ಹೆಸರಿನ ಹಿಂದೆ ಆ ಪ್ರದೇಶದ ಗಡಿಯಾರ ಯಾವ್ಯಾವ ದಿನ ಹೇಗೆ ಬದಲಾಯಿತು, ಮುಂದೆ ಹೇಗೆ ಬದಲಾಗಲಿದೆ ಎಂಬ ನಿಯಮಗಳಿವೆ. ಭಾರತದ ಹೆಸರು Asia/Kolkata. ಯಾವುದೋ ದೇಶ ನಿಯಮ ಬದಲಾಯಿಸಿದಾಗ ಪಟ್ಟಿಯನ್ನೂ ತಿದ್ದುತ್ತಾರೆ. ಪ್ಲಾಟ್‌ಫಾರ್ಮಿನವರು ಹೊಸ ಪಟ್ಟಿಯನ್ನು ಸಕಾಲಕ್ಕೆ ಹಾಕಿಕೊಳ್ಳದಿದ್ದರೂ ಒಂದು ಗಂಟೆಯ ತಪ್ಪು ಬರಬಹುದು.

ಇದೇ ತಪ್ಪಿಗೆ ನಮ್ಮ ಕಡೆಯಿಂದಲೂ ಕಾರಣ ಇರಬಹುದು. ಸೆಟ್ಟಿಂಗ್ಸಿನ ಟೈಮ್ ಜೋನ್ ಪಟ್ಟಿಯಲ್ಲಿ ‘ಲಂಡನ್’ ಎಂದು ಆರಿಸುವ ಬದಲು ‘ಯುಟಿಸಿ+0’ ಎಂದು ಆರಿಸಿದ್ದರೆ ಚಳಿಗಾಲದಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ, ಮಾರ್ಚ್ ಕೊನೆಗೆ ಒಂದು ಗಂಟೆ ಜಾರುತ್ತದೆ. ಊರಿನ ಹೆಸರಿಗೆ ಬೇಸಿಗೆ ಸಮಯ ಗೊತ್ತು, ಬರಿ ಸಂಖ್ಯೆಗೆ ಗೊತ್ತಿಲ್ಲ. ಮೇಲ್ ಬರೆಯುವ ಮುನ್ನ ನೋಡಬೇಕಾದ ಮೊದಲ ಜಾಗ ಇದೇ.

ಭಾರತದಲ್ಲಿ ಬೇಸಿಗೆ ಸಮಯ ಇಲ್ಲ. ಆದರೂ ಇಲ್ಲಿನವರಿಗೆ ಒಂದು ಗಂಟೆಯ ತಪ್ಪು ತಟ್ಟುವುದುಂಟು. ಅಮೆರಿಕದಲ್ಲಿರುವ ಮಗನೋ ಏಜೆನ್ಸಿಯೋ ತೆರೆದುಕೊಟ್ಟ ಖಾತೆ ನ್ಯೂಯಾರ್ಕ್ ಸಮಯದಲ್ಲಿದೆ ಎನ್ನಿ. ಪ್ರತಿದಿನ ಅಲ್ಲಿನ ರಾತ್ರಿ 8:30ಕ್ಕೆ ಹೋಗುವಂತೆ ಇಟ್ಟ ಪೋಸ್ಟ್ ಚಳಿಗಾಲದಲ್ಲಿ ನಮ್ಮ ಬೆಳಿಗ್ಗೆ 7ಕ್ಕೆ ಸರಿಹೊಂದುತ್ತದೆ. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿನ ಗಡಿಯಾರ ಮುಂದೆ ಹೋದ ಮೇಲೆ ಅದೇ ಪೋಸ್ಟ್ ನಮ್ಮಲ್ಲಿ 6ಕ್ಕೇ ಬರುತ್ತದೆ. ಇಲ್ಲಿ ಯಾರೂ ಏನನ್ನೂ ಮುಟ್ಟಿರುವುದಿಲ್ಲ.

ಬರೆಯುವ ಮುನ್ನ

ತಪ್ಪು ಹೊತ್ತಿಗೆ ಹೋದ ಪೋಸ್ಟನ್ನು ಕಂಡ ತಕ್ಷಣ ಅಳಿಸಿ ಮತ್ತೆ ಹಾಕಬೇಕೆನಿಸುತ್ತದೆ. ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ತೆಗೆದು ಪೋಸ್ಟಿನ ಲಿಂಕನ್ನು ಬರೆದಿಟ್ಟುಕೊಳ್ಳಿ. ಇನ್ನೂ ಹೋಗದೆ ಸಾಲಿನಲ್ಲಿ ಕಾದಿರುವ ಪೋಸ್ಟ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್ ಇನ್ನೂ ಮುಖ್ಯ. ಆ ಪಟ್ಟಿಯಲ್ಲಿ 7 ಎಂದೇ ಕಾಣುತ್ತಿದ್ದು ಪೋಸ್ಟ್ 8ಕ್ಕೆ ಹೋಗಿದ್ದರೆ ದೋಷ ಪ್ಲಾಟ್‌ಫಾರ್ಮಿನ ಒಳಗಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ. ಪಟ್ಟಿಯೇ 8 ಎಂದು ತೋರಿಸುತ್ತಿದ್ದರೆ ಲೆಕ್ಕ ಮೊದಲೇ ಜಾರಿತ್ತು, ಆದರೆ ಕಾಣುವಂತೆಯೇ ಇತ್ತು ಎಂದರ್ಥ.

ಸ್ಕ್ರೀನ್‌ಶಾಟ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಪೋಸ್ಟಿನ ಮೇಲೆ ಕಾಣುವ ಸಮಯ ಸಾಮಾನ್ಯವಾಗಿ ನೋಡುವವರ ಫೋನಿನ ಸಮಯ. ಬಳಗದ ಆ ಶುಭಾಶಯವನ್ನು ಬ್ರಿಟನ್ನಿನಲ್ಲಿ ತೆರೆದರೆ ಬೆಳಿಗ್ಗೆ 8:00 ಎಂದು ಕಾಣುತ್ತದೆ. ಬೆಂಗಳೂರಿನಲ್ಲಿರುವ ಅಕ್ಕ ತೆರೆದರೆ ಮಧ್ಯಾಹ್ನ 12:30 ಎಂದು ಕಾಣುತ್ತದೆ. ಎರಡೂ ನಿಜ, ಎರಡೂ ಒಂದೇ ಕ್ಷಣ. ಆದರೆ ಅಕ್ಕ ಕಳಿಸಿದ ಚಿತ್ರವನ್ನು ವಿವರಣೆಯಿಲ್ಲದೆ ಮೇಲ್‌ಗೆ ಲಗತ್ತಿಸಿದರೆ ಸಪೋರ್ಟಿನವರು ಐದೂವರೆ ಗಂಟೆಯ ತಪ್ಪು ಹುಡುಕುತ್ತಾ ಕೂರುತ್ತಾರೆ. ಯಾವ ಚಿತ್ರ ಎಲ್ಲಿಯ ಫೋನಿನದು ಎಂಬುದನ್ನು ಬರೆಯಲೇಬೇಕು.

ಸಮಯ ಬರೆಯುವಾಗ ‘ಐಎಸ್‌ಟಿ’ ಎಂಬ ಚಿಕ್ಕ ಹೆಸರನ್ನು ನಂಬಿ ಕೂರಬೇಡಿ. ನಮಗೆ ಅದು ಭಾರತದ ಸಮಯ, ಆದರೆ ಐರ್ಲೆಂಡಿನ ಮತ್ತು ಇಸ್ರೇಲಿನ ಸಮಯಗಳಿಗೂ ಅದೇ ಮೂರಕ್ಷರ ಬಳಕೆಯಲ್ಲಿದೆ. ‘7:00, ಯುಟಿಸಿ+5:30’ ಎಂದು ಬರೆದರೆ ಜಗತ್ತಿನ ಯಾವ ಮೂಲೆಯ ತಂತ್ರಜ್ಞನಿಗೂ ಸಂಶಯ ಉಳಿಯುವುದಿಲ್ಲ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 3/4 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4.

ಕೊನೆಯದಾಗಿ, ತಪ್ಪದೆ ಸರಿಯಾಗಿ ಹೋದ ಒಂದು ಪೋಸ್ಟನ್ನೂ ಹುಡುಕಿ. ಬಳಗದವರು ಮಾರ್ಚ್ 28ರ ಶುಕ್ರವಾರ ಸಂಜೆ 7ಕ್ಕೆ ಒಂದು ನೆನಪೋಲೆ ಇಟ್ಟಿದ್ದರು. ಅದು ಸರಿಯಾಗಿ 7ಕ್ಕೇ ಹೋಗಿತ್ತು. ಒಂದೇ ದಿನ ಕೂತು ಶೆಡ್ಯೂಲ್ ಮಾಡಿದ ಪೋಸ್ಟ್‌ಗಳಲ್ಲಿ ಶುಕ್ರವಾರದ್ದು ಸರಿ, ಭಾನುವಾರದ್ದು ತಪ್ಪು. ನಡುವೆ ಬದಲಾದದ್ದು ಗಡಿಯಾರ ಮಾತ್ರ. ಈ ಒಂದು ಜೋಡಿ ಹತ್ತು ಸಾಲಿನ ದೂರಿಗಿಂತ ಹೆಚ್ಚು ಹೇಳುತ್ತದೆ.

ಮೇಲ್ ಹೀಗಿರಲಿ

ಸಪೋರ್ಟಿಗೆ ಇಂಗ್ಲಿಷಿನಲ್ಲೇ ಬರೆಯಬೇಕಾಗಿ ಬರಬಹುದು. ಯಾವ ಭಾಷೆಯಲ್ಲಿ ಬರೆದರೂ ಕ್ರಮ ಇದೇ ಇರಲಿ. ಬಳಗದ ಕಾರ್ಯದರ್ಶಿ ಎರಡನೇ ಸಲ ಬರೆಯಬೇಕಾದ ಮೇಲ್ ಕನ್ನಡದಲ್ಲಿ ಹೀಗಿರುತ್ತದೆ.

ವಿಷಯ: ಮಾರ್ಚ್ 30ರಿಂದ ಶೆಡ್ಯೂಲ್ ಪೋಸ್ಟ್‌ಗಳು ಸರಿಯಾಗಿ 1 ಗಂಟೆ ತಡವಾಗಿ ಹೋಗುತ್ತಿವೆ (ಖಾತೆಯ ಟೈಮ್ ಜೋನ್ Europe/London)

ನಮಸ್ಕಾರ,

ನಮ್ಮ ಪುಟದ ಶೆಡ್ಯೂಲ್ ಪೋಸ್ಟ್‌ಗಳು ಬ್ರಿಟನ್ನಿನ ಗಡಿಯಾರ ಬದಲಾದ ದಿನದಿಂದ ಒಂದು ಗಂಟೆ ತಡವಾಗಿ ಪ್ರಕಟವಾಗುತ್ತಿವೆ. ಗಡಿಯಾರ ಬದಲಾಗುವ ಮುಂಚೆ ಮಾಡಿದ ಶೆಡ್ಯೂಲ್‌ಗಳಿಗೆ ಹಳೆಯ ಅಂತರವೇ ಅಂಟಿಕೊಂಡಿದೆ ಎಂದು ನಮ್ಮ ಊಹೆ.

ತಪ್ಪಿದ ಪೋಸ್ಟ್: ಮಾರ್ಚ್ 15ರಂದು ಶೆಡ್ಯೂಲ್ ಮಾಡಿದ್ದು. ಹೋಗಬೇಕಾಗಿದ್ದದ್ದು ಮಾರ್ಚ್ 30, ಬೆಳಿಗ್ಗೆ 7:00, ಯುಟಿಸಿ+1. ಹೋದದ್ದು ಅದೇ ದಿನ ಬೆಳಿಗ್ಗೆ 8:00, ಯುಟಿಸಿ+1. ಲಿಂಕ್ ಕೆಳಗಿದೆ.

ಸರಿಯಾಗಿ ಹೋದ ಪೋಸ್ಟ್: ಅದೇ ಮಾರ್ಚ್ 15ರಂದು ಶೆಡ್ಯೂಲ್ ಮಾಡಿದ್ದು. ಹೋಗಬೇಕಾಗಿದ್ದದ್ದು ಮತ್ತು ಹೋದದ್ದು ಎರಡೂ ಮಾರ್ಚ್ 28, ಸಂಜೆ 7:00, ಯುಟಿಸಿ+0. ಲಿಂಕ್ ಕೆಳಗಿದೆ.

ಖಾತೆಯ ಸೆಟ್ಟಿಂಗ್ಸಿನಲ್ಲಿ ಟೈಮ್ ಜೋನ್ Europe/London ಎಂದಿದೆ. ಶೆಡ್ಯೂಲ್ ಮಾಡಿದ ಕಂಪ್ಯೂಟರಿನದೂ ಅದೇ. ಎರಡರ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇವೆ. ಎಲ್ಲ ಚಿತ್ರಗಳನ್ನೂ ಬ್ರಿಟನ್ನಿನಲ್ಲೇ ತೆಗೆದದ್ದು.

ಏಪ್ರಿಲ್ ತಿಂಗಳಿಗೆ ಇನ್ನೂ ಆರು ಪೋಸ್ಟ್‌ಗಳು ಸಾಲಿನಲ್ಲಿವೆ. ಅವನ್ನು ನಾವು ಮುಟ್ಟಿಲ್ಲ. ಅವುಗಳಿಗೆ ದಾಖಲಾಗಿರುವ ಯುಟಿಸಿ ಸಮಯ ಏನು ಎಂಬುದನ್ನು ದಯವಿಟ್ಟು ತಿಳಿಸಿ. ನೀವು ಸರಿಪಡಿಸುತ್ತೀರೋ, ನಾವೇ ಅಳಿಸಿ ಮತ್ತೆ ಹಾಕಬೇಕೋ ಎಂಬುದನ್ನೂ ತಿಳಿಸಿ. ಮುಂದಿನದು ಏಪ್ರಿಲ್ 4ರಂದು ಹೋಗಬೇಕು, ಅದಕ್ಕೆ ಮುಂಚೆ ಉತ್ತರ ಬೇಕಾಗಿದೆ.

ಈ ಮೇಲ್ ಓದಿದವರು ‘ನಿಗದಿತ ಸಮಯಕ್ಕೇ ಹೋಗಿದೆ’ ಎಂದು ಉತ್ತರಿಸಿ ಕೈತೊಳೆದುಕೊಳ್ಳುವುದು ಕಷ್ಟ. ಅಂತರ ಎಷ್ಟು, ಯಾವ ದಿನದಿಂದ ಎಂಬುದು ವಿಷಯದ ಸಾಲಿನಲ್ಲೇ ಇದೆ. ಮೊದಲ ಹಂತದ ಸಿಬ್ಬಂದಿಗೆ ಅರ್ಥವಾಗದಿದ್ದರೂ ಅದನ್ನು ತಂತ್ರಜ್ಞರ ಕಡೆಗೆ ಕಳಿಸಬೇಕೆಂದು ಗೊತ್ತಾಗುತ್ತದೆ. ಸರಿಯಾದದ್ದೂ ತಪ್ಪಿದ್ದೂ ಒಂದೇ ದಿನ ಮಾಡಿದ ಶೆಡ್ಯೂಲ್ ಆದ್ದರಿಂದ ಸೆಟ್ಟಿಂಗ್ಸ್ ಬದಲಾಗಿತ್ತೇನೋ ಎಂಬ ಅನುಮಾನಕ್ಕೆ ಎಡೆಯಿಲ್ಲ. ಕಾರಣವನ್ನು ಊಹೆ ಎಂದೇ ಬರೆದಿದೆ. ಊಹೆ ತಪ್ಪಿದ್ದರೂ ಅಂಕಿಅಂಶ ಸರಿಯಿರುವುದರಿಂದ ತಂತ್ರಜ್ಞರು ತಮ್ಮ ದಾರಿ ತಾವು ಹಿಡಿಯಬಹುದು.

ಸಿಟ್ಟಿಗೂ ಮೇಲ್‌ನಲ್ಲಿ ಜಾಗವಿದೆ. ಆದರೆ ಅದು ನಷ್ಟದ ವಿವರವಾಗಿ ಬರಲಿ. ‘10ಕ್ಕೆ ಶುರುವಾದ ಕಾರ್ಯಕ್ರಮದ ಲಿಂಕ್ 10:30ಕ್ಕೆ ಹೋಯಿತು, ಮನೆಯಿಂದ ನೋಡುವವರಿಗೆ ಮೊದಲ ಅರ್ಧ ಗಂಟೆ ಸಿಗಲಿಲ್ಲ’ ಎಂಬ ಒಂದು ವಾಕ್ಯ ಸಾಕು. ದೂರಿನ ತೀವ್ರತೆಯನ್ನು ಅಳೆಯುವವರಿಗೆ ಉಪಯೋಗಕ್ಕೆ ಬರುವುದು ಅದೇ.

ಉತ್ತರ ಬರುವವರೆಗೆ

ಸಾಲಿನಲ್ಲಿರುವ ಪೋಸ್ಟ್‌ಗಳನ್ನು ಏನು ಮಾಡಬೇಕು? ಒಂದು ಗಂಟೆ ತಡವಾಗುತ್ತಿದೆಯಲ್ಲ, 7ಕ್ಕೆ ಬೇಕಾದದ್ದನ್ನು 6ಕ್ಕೆ ಇಟ್ಟುಬಿಡೋಣ ಎಂದು ಹೊರಡುವವರು ಬಹಳ. ಈ ಉಪಾಯ ಕೈಕೊಡುವುದು ಎರಡು ಸಂದರ್ಭಗಳಲ್ಲಿ. ಗಡಿಯಾರ ಬದಲಾದ ಮೇಲೆ ಹೊಸದಾಗಿ ಮಾಡಿದ ಶೆಡ್ಯೂಲಿನಲ್ಲಿ ಪ್ಲಾಟ್‌ಫಾರ್ಮ್ ಹೊಸ ಅಂತರವನ್ನೇ ಬಳಸುತ್ತದೆ, ಹಾಗಾಗಿ 6ಕ್ಕೆ ಇಟ್ಟದ್ದು 6ಕ್ಕೇ ಹೋಗುತ್ತದೆ. ಇನ್ನೊಂದು, ಸಪೋರ್ಟಿನವರು ಒಳಗಿನಿಂದ ಎಲ್ಲ ಪೋಸ್ಟ್‌ಗಳನ್ನೂ ಒಂದು ಗಂಟೆ ಹಿಂದಕ್ಕೆ ತಂದರೆ ನಾವು ತಿದ್ದಿದ್ದೂ ಅವರು ತಿದ್ದಿದ್ದೂ ಸೇರಿ ಪೋಸ್ಟ್ ಬೇಗ ಹೋಗುತ್ತದೆ. ಆದ್ದರಿಂದ ಕೈಯಿಂದ ತಿದ್ದಿದರೆ ಯಾವುದನ್ನು ಯಾವಾಗ ತಿದ್ದಿದೆವು ಎಂಬುದನ್ನು ಅದೇ ಮೇಲ್‌ಗೆ ಉತ್ತರವಾಗಿ ಬರೆದು ತಿಳಿಸಬೇಕು.

ಸುರಕ್ಷಿತ ದಾರಿ ಎಂದರೆ ಮೊದಲು ಒಂದು ಪರೀಕ್ಷೆ. ಸೀಮಿತ ಜನಕ್ಕೆ ಮಾತ್ರ ಕಾಣುವಂಥ ಒಂದು ಪೋಸ್ಟನ್ನು ಸ್ವಲ್ಪ ಹೊತ್ತಿನ ನಂತರದ ಸಮಯಕ್ಕೆ ಇಟ್ಟು ನೋಡಿ. ಅದು ಸರಿಯಾಗಿ ಹೋದರೆ ಹೊಸ ಶೆಡ್ಯೂಲ್‌ಗಳಿಗೆ ತೊಂದರೆಯಿಲ್ಲ, ಹಳೆಯವುಗಳಿಗೆ ಮಾತ್ರ ಇದೆ. ಆಗ ಹಳೆಯದನ್ನು ಅಳಿಸಿ ಅದೇ ಸಮಯಕ್ಕೆ ಹೊಸದಾಗಿ ಹಾಕಿದರೆ ಸಾಕು. ಪರೀಕ್ಷೆಯ ಪೋಸ್ಟೂ ಒಂದು ಗಂಟೆ ತಡವಾದರೆ ತಪ್ಪು ಖಾತೆಯ ಸೆಟ್ಟಿಂಗ್ಸಿನಲ್ಲೋ ಪ್ಲಾಟ್‌ಫಾರ್ಮಿನ ಟೈಮ್ ಜೋನ್ ಪಟ್ಟಿಯಲ್ಲೋ ಇದೆ. ಅದನ್ನೂ ಮೇಲ್‌ಗೆ ಸೇರಿಸಿ.

ಪ್ಲಾಟ್‌ಫಾರ್ಮ್ ನಡೆಸುವವರ ಜವಾಬ್ದಾರಿ ಇಲ್ಲಿ ದೊಡ್ಡದು. ಶೆಡ್ಯೂಲ್ ಮಾಡುವ ಜಾಗದಲ್ಲಿ ಗಂಟೆಯ ಪಕ್ಕದಲ್ಲೇ ಊರಿನ ಹೆಸರನ್ನೂ, ಆ ದಿನದ ಅಂತರವನ್ನೂ ತೋರಿಸಿದರೆ ಇಂಥ ಎಷ್ಟೋ ಮೇಲ್‌ಗಳು ಹುಟ್ಟುವುದೇ ಇಲ್ಲ. ಸಂಬಳವಿಲ್ಲದೆ ರಾತ್ರಿ ಕೂತು ಬಳಗದ ಕೆಲಸ ಮಾಡುವವರು ಟೈಮ್ ಜೋನಿನ ನಿಯಮಗಳನ್ನು ಓದಿಕೊಂಡಿರಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಮೇಲ್‌ನ ಕೊನೆಯಲ್ಲಿ ಈ ಸಲಹೆಯನ್ನೂ ಒಂದು ಸಾಲಿನಲ್ಲಿ ಸೇರಿಸುವುದು ಒಳ್ಳೆಯದು.

ಹೊರದೇಶದ ಕನ್ನಡಿಗರಿಗೆ ಈ ಮಾತು ವರ್ಷಕ್ಕೆ ಎರಡು ಸಲ ಎದುರಾಗುತ್ತದೆ. ಯುಗಾದಿ ಬರುವುದು ಗಡಿಯಾರ ಮುಂದೆ ಹೋಗುವ ಕಾಲದಲ್ಲಿ, ರಾಜ್ಯೋತ್ಸವ ಬರುವುದು ಗಡಿಯಾರ ಹಿಂದೆ ಬರುವ ಕಾಲದಲ್ಲಿ. ಅಮೆರಿಕದಲ್ಲಿ ಬೇಸಿಗೆ ಸಮಯ ಮುಗಿಯುವುದು ನವೆಂಬರ್ ತಿಂಗಳ ಮೊದಲ ಭಾನುವಾರ. 2026ರಲ್ಲಿ ಅದು ಸರಿಯಾಗಿ ನವೆಂಬರ್ 1. ನ್ಯೂಜೆರ್ಸಿಯ ಕನ್ನಡಿಗರೊಬ್ಬರು ರಾಜ್ಯೋತ್ಸವದ ಶುಭಾಶಯವನ್ನು ಅಕ್ಟೋಬರಿನಲ್ಲೇ ಬೆಳಿಗ್ಗೆ 7ಕ್ಕೆ ಇಟ್ಟರೆ, ಲೆಕ್ಕ ತಪ್ಪುವ ಪ್ಲಾಟ್‌ಫಾರ್ಮಿನಲ್ಲಿ ಅದು ಆ ದಿನ 6ಕ್ಕೇ ಹೋಗುತ್ತದೆ. ಈ ಸಲ ತಡವಲ್ಲ, ಒಂದು ಗಂಟೆ ಬೇಗ. ಅಂಥ ಖಾತೆ ಇರುವವರು ಅಕ್ಟೋಬರಿನಲ್ಲೇ ಸೆಟ್ಟಿಂಗ್ಸ್ ತೆರೆದು ಬರಿ ಸಂಖ್ಯೆಯ ಬದಲು ನ್ಯೂಯಾರ್ಕ್ ಎಂಬ ಊರಿನ ಹೆಸರು ಇದೆಯೇ ಎಂದು ನೋಡಿಕೊಳ್ಳಲಿ. ನವೆಂಬರ್ 1ರ ಬೆಳಿಗ್ಗೆ ಏಳಕ್ಕೆ ಮುಂಚೆಯೇ ಒಮ್ಮೆ ಪುಟವನ್ನು ತೆರೆದು ನೋಡಲಿ. ಅಂತರ ಕಂಡುಬಂದರೆ ನಿಮಿಷದ ಮಟ್ಟಿಗೆ ಬರೆದುಕೊಂಡು ಅದೇ ದಿನ ಮೇಲ್ ಕಳಿಸಲಿ.